ಡ್ರಾಪ್ ಒತ್ತುವ ಮೊದಲು ಡಿಎಸ್‌ಒಗೆ ಮೇಲ್ ಹಾಕಿ

ಅಮೆರಿಕದಲ್ಲಿ ಎಫ್-1 ವೀಸಾದ ಮೇಲೆ ಓದುವವರು ಪ್ರತಿ ಸೆಮಿಸ್ಟರ್ ಫುಲ್ ಟೈಮ್ ಇರಬೇಕು. ಡಿಗ್ರಿಯವರಿಗೆ ಕನಿಷ್ಠ 12 ಕ್ರೆಡಿಟ್. ಮಾಸ್ಟರ್ಸ್‌ನವರಿಗೆ ಎಷ್ಟು ಅಂತ ಆಯಾ ಯೂನಿವರ್ಸಿಟಿಯೇ ಹೇಳುತ್ತದೆ, ಸಾಮಾನ್ಯವಾಗಿ 9. ಆನ್‌ಲೈನ್ ಕೋರ್ಸ್ ಎಷ್ಟೇ ತೆಗೆದುಕೊಂಡರೂ ಈ ಲೆಕ್ಕಕ್ಕೆ ಸೇರುವುದು ಒಂದೇ.

ಕೋರ್ಸ್ ಕಷ್ಟವಾದಾಗ ಪೋರ್ಟಲ್‌ಗೆ ಹೋಗಿ ಡ್ರಾಪ್ ಒತ್ತುವುದು ಬಹಳ ಸುಲಭ. ಎಡವಟ್ಟಾಗುವುದು ಅಲ್ಲೇ. ಪ್ರೊಫೆಸರ್ ಒಪ್ಪಿದರೂ, ಅಡ್ವೈಸರ್ ಸಹಿ ಹಾಕಿದರೂ ವೀಸಾ ಲೆಕ್ಕಕ್ಕೆ ಅದು ಸಾಲದು. ಮೊದಲು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿ, ಅಂದರೆ ಡಿಎಸ್‌ಒ, ಸರ್ಕಾರದ ಸೆವಿಸ್ ದಾಖಲೆಯಲ್ಲಿ 'ರೆಡ್ಯೂಸ್ಡ್ ಕೋರ್ಸ್ ಲೋಡ್', ಅಂದರೆ ಕಡಿಮೆ ಕ್ರೆಡಿಟ್ ಓದುವ ಅನುಮತಿ ಕೊಡಬೇಕು. ಡ್ರಾಪ್ ಆಮೇಲೆ. ಈ ಕ್ರಮ ತಿರುಗಿದರೆ ಸ್ಟೇಟಸ್ಸೇ ಹೋಗಬಹುದು.

ಅನುಮತಿಗೆ ಕಾರಣ ಬೇಕು. ಅನಾರೋಗ್ಯವಾದರೆ ಡಾಕ್ಟರ ಪತ್ರ ಬೇಕು. ಇಂಗ್ಲಿಷ್ ಓದು ಅಥವಾ ಅಲ್ಲಿನ ಪಾಠದ ರೀತಿಗೆ ಶುರುವಿನಲ್ಲಿ ಹೊಂದಿಕೊಳ್ಳಲು ಆಗದಿದ್ದರೂ ಸಿಗುತ್ತದೆ, ಆದರೆ ಡಿಗ್ರಿಯಾಗಲಿ ಮಾಸ್ಟರ್ಸ್ ಆಗಲಿ ಒಂದು ಹಂತದಲ್ಲಿ ಒಂದೇ ಸಲ, ಅರ್ಧ ಲೋಡ್ ಆದರೂ ಉಳಿಸಿಕೊಂಡು. ಮಾರ್ಕ್ಸ್ ಕಡಿಮೆ ಬರುತ್ತದೆ ಅನ್ನುವುದಷ್ಟೇ ಕಾರಣವಾಗುವುದಿಲ್ಲ.

ಮೂರನೆಯ ಕಾರಣ ಕೊನೆಯ ಸೆಮಿಸ್ಟರ್. ಇದರಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು. ಒಂದು ಉದಾಹರಣೆ ನೋಡಿ. ದಾವಣಗೆರೆಯ ಹುಡುಗಿಯೊಬ್ಬಳಿಗೆ ವೀಸಾಕ್ಕಾಗಿ ಯೂನಿವರ್ಸಿಟಿ ಕೊಟ್ಟ ಐ-20 ಪತ್ರದಲ್ಲಿ ಓದು ಮುಗಿಯುವ ದಿನ ಮೇ 15 ಅಂತಿದೆ. ಆಗಸ್ಟ್‌ನಲ್ಲಿ ಎಣಿಸಿದಾಗ ಉಳಿದಿದ್ದು ಎರಡೇ ಕೋರ್ಸ್, 6 ಕ್ರೆಡಿಟ್. ಡಿಸೆಂಬರ್ 15ಕ್ಕೇ ಓದು ಮುಗಿಯುತ್ತದೆ. ಲೆಕ್ಕ ತುಂಬಿಸಲು ಸುಮ್ನೆ ಮೂರನೇ ಕೋರ್ಸಿಗೆ ದುಡ್ಡು ಕಟ್ಟಬೇಕಿಲ್ಲ. ಇವಿಷ್ಟೇ ಬಾಕಿ ಅಂತ ಅಡ್ವೈಸರ್ ಹತ್ತಿರ ಬರೆಸಿ ಡಿಎಸ್‌ಒಗೆ ಕೊಟ್ಟರೆ ಕೊನೆಯ ಸೆಮಿಸ್ಟರ್ ಅನುಮತಿ ಸಿಗುತ್ತದೆ. ಒಂದೇ ಕೋರ್ಸ್ ಉಳಿದಿದ್ದರೆ ಮಾತ್ರ ಅದು ಪೂರ್ತಿ ಆನ್‌ಲೈನ್ ಆಗಿರಬಾರದು.

ಆಗ ಡಿಎಸ್‌ಒ ಮುಗಿಯುವ ದಿನವನ್ನೂ ಡಿಸೆಂಬರ್ 15ಕ್ಕೆ ಎಳೆದು ಹೊಸ ಐ-20 ಕೊಡುತ್ತಾರೆ. ಹಳೆಯ ಐ-20 ಕೈಯಲ್ಲಿದೆಯಲ್ಲ, ಮೇವರೆಗೂ ಇರಬಹುದು ಅಂದುಕೊಳ್ಳಬೇಡಿ. ಹೊಸ ದಿನದಿಂದ 60 ದಿನ ಮಾತ್ರ, ಅಂದರೆ ಫೆಬ್ರವರಿ 13ರವರೆಗೆ. ಓದು ಮುಗಿದ ಮೇಲೆ ಕೆಲಸ ಮಾಡಲು ಬೇಕಾದ ಒಪಿಟಿ ಅನುಮತಿಯ ಅರ್ಜಿಯೂ ಅಷ್ಟರೊಳಗೆ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ತಲುಪಿರಬೇಕು. ಡಿಎಸ್‌ಒ ಶಿಫಾರಸು ಮಾಡಿದ 30 ದಿನದೊಳಗೂ ಹೌದು. ಓದು ಮುಗಿಯುವ ದಿನಕ್ಕೆ 90 ದಿನ ಮೊದಲೇ, ಅಂದರೆ ಸೆಪ್ಟೆಂಬರ್ 16ರಿಂದಲೇ ಹಾಕಬಹುದು. ಕಾಯುವುದೇಕೆ?

ಆ ಎರಡರಲ್ಲಿ ಒಂದು ಫೇಲ್ ಆಗುವ ಸೂಚನೆ ಕಂಡರೆ ಫಲಿತಾಂಶಕ್ಕೆ ಕಾಯಬೇಡಿ. ಮುಗಿಯುವ ದಿನವನ್ನು ಮುಂದೂಡಲು ಡಿಸೆಂಬರ್ 15ಕ್ಕೆ ಮೊದಲೇ ಕೇಳಬೇಕು. ನವೆಂಬರ್‌ನಲ್ಲೇ ಡಿಎಸ್‌ಒ ಮುಂದೆ ಹೋಗಿ ಕುಳಿತುಕೊಳ್ಳಿ.