ಮೂವತ್ತು ಅಕ್ಷರದಲ್ಲಿ ಮಂಡ್ಯದ ಬೆಲ್ಲ: ಸರ್ಚ್ ಜಾಹೀರಾತಿನ ಹೆಡ್‌ಲೈನ್ ಬರೆದ ನನ್ನ ಅನುಭವ

ಗೂಗಲ್‌ನ ರೆಸ್ಪಾನ್ಸಿವ್ ಸರ್ಚ್ ಜಾಹೀರಾತಿಗೆ ನಾವು 15 ಹೆಡ್‌ಲೈನ್‌ವರೆಗೆ ಕೊಡಬಹುದು. ಒಂದೊಂದೂ 30 ಅಕ್ಷರ ಮೀರಬಾರದು. ಜನರಿಗೆ ಒಂದು ಸಲಕ್ಕೆ ಕಾಣುವುದು ಹೆಚ್ಚೆಂದರೆ ಮೂರು. ಯಾವ ಮೂರು, ಯಾವ ಕ್ರಮದಲ್ಲಿ ಅನ್ನುವುದನ್ನು ಗೂಗಲ್ ಆರಿಸುತ್ತದೆ. ಹೀಗಾಗಿ ಒಂದು ಹೆಡ್‌ಲೈನ್ ಚೆನ್ನಾಗಿದ್ದರೆ ಸಾಲದು, ಪಕ್ಕದಲ್ಲಿ ಯಾವುದು ಬಂದು ಕೂತರೂ ಹೊಂದಿಕೊಳ್ಳಬೇಕು. ಮದ್ದೂರಿನ ಹತ್ತಿರ ಆಲೆಮನೆ ಇಟ್ಟುಕೊಂಡು, ಬೆಂಗಳೂರು ಮೈಸೂರಿಗೆ ಬೆಲ್ಲ ಕಳಿಸುವ ಒಬ್ಬರಿಗೆ ಕನ್ನಡದಲ್ಲೇ ಜಾಹೀರಾತು ಬರೆದಾಗ ಇದನ್ನು ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಮೊದಲು ಅಕ್ಷರದ ಲೆಕ್ಕ. ‘ಬೆಲ್ಲ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಐದು: ಬ, ಎತ್ವ, ಲ, ಒತ್ತಕ್ಷರಕ್ಕಾಗಿ ಇರುವ ಹಲಂತ, ಇನ್ನೊಂದು ಲ. ‘ಮಂಡ್ಯ’ ಕೂಡ ಐದೇ. ‘ಆನ್‌ಲೈನ್’ ಬರೆಯುವಾಗ ನ್ ಮತ್ತು ಲೈ ಅಂಟಿಕೊಳ್ಳದಿರಲಿ ಅಂತ ಕೀಬೋರ್ಡ್ ನಡುವೆ ಕಾಣದ ಒಂದು ಗುರುತು ಹಾಕುತ್ತದೆ, ಅದೂ ಒಂದು ಅಕ್ಷರ ತಿನ್ನುತ್ತದೆ. ನಾನು ಹೆಡ್‌ಲೈನ್‌ಗಳನ್ನು ಯಾವಾಗಲೂ ಗೂಗಲ್ ಶೀಟ್‌ನಲ್ಲಿ ಬರೆದು, ಪಕ್ಕದ ಕಾಲಂನಲ್ಲಿ ಇದನ್ನು ಹಾಕಿಟ್ಟುಕೊಳ್ಳುತ್ತೇನೆ:

```
=LEN(A2)
```

ಇಲ್ಲಿ ಒಂದು ವಿಚಿತ್ರ ಇದೆ. ‘ಕೊಂಡರೆ’ ಆರು ಅಕ್ಷರ. ಮಾತಿನಲ್ಲಿ ಬರುವ ‘ಕೊಂಡ್ರೆ’ ಬಾಯಿಗೆ ಚಿಕ್ಕದು, ಆದರೆ ಲೆಕ್ಕಕ್ಕೆ ಏಳು. ಒತ್ತು ಬಂದಲ್ಲೆಲ್ಲ ಒಂದು ಜಾಸ್ತಿ ಆಗುತ್ತದೆ. ಜಾಗ ಉಳಿಸುವ ಆಸೆಗೆ ಆಡುಮಾತಿಗೆ ಇಳಿದರೆ ಉಲ್ಟಾ ಹೊಡೆಯಬಹುದು. ಅಂಕಿ ಮಾತ್ರ ನಿಜವಾಗಿ ಉಳಿಸುತ್ತದೆ: ‘ಮೂರು’ ನಾಲ್ಕು ಅಕ್ಷರ, 3 ಒಂದೇ.

ಮಾಲೀಕರು ಬಯಸಿದ ಸಾಲು ಇದು: ‘ರಾಸಾಯನಿಕ ಬೆರೆಸದ ಶುದ್ಧ ಮಂಡ್ಯ ಬೆಲ್ಲ’. ಎಣಿಸಿದರೆ 33. ‘ಶುದ್ಧ’ ತೆಗೆದರೆ 27 ಆಗಿ ಒಳಗೆ ಬರುತ್ತದೆ. ಎಲ್ಲರೂ ಹೇಳಿಕೊಳ್ಳುವ ಆ ಪದ ಹೋದರೆ ನಷ್ಟವೂ ಇಲ್ಲ. ಆದರೆ ಅಷ್ಟಕ್ಕೆ ಬಿಡಬಾರದು. ಆ ಸಾಲಿನೊಳಗೆ ಊರು, ವಸ್ತು, ಗುಣ ಮೂರೂ ಸೇರಿವೆ. ಪಕ್ಕದಲ್ಲಿ ‘ಮಂಡ್ಯದ ಬೆಲ್ಲ’ ಬಂದರೆ ಊರೂ ವಸ್ತುವೂ ಎರಡೆರಡು ಸಲ ಆಯಿತು. ಮೂರನೆಯದೂ ಹಾಗೇ ಇದ್ದರೆ ಇಡೀ ಸಾಲು ಬೆಲ್ಲ ಬೆಲ್ಲ ಬೆಲ್ಲ ಅಂತಲೇ ಓದಿಸಿಕೊಳ್ಳುತ್ತದೆ. ಎಲ್ಲ ಹೆಡ್‌ಲೈನ್‌ಗೂ ಕೀವರ್ಡ್ ತುರುಕಿದರೆ ಆಗುವುದೇ ಇದು.

ಇದಕ್ಕೆ ನಾನು ಬಳಸಿದ್ದು ಪಿನ್. ಒಂದು ಹೆಡ್‌ಲೈನನ್ನು ಮೊದಲ, ಎರಡನೆಯ ಅಥವಾ ಮೂರನೆಯ ಜಾಗಕ್ಕೆ ಪಿನ್ ಮಾಡಬಹುದು ಅಂತ ಬಹಳ ಜನರಿಗೆ ಗೊತ್ತು. ಒಂದೇ ಜಾಗಕ್ಕೆ ಹಲವನ್ನು ಪಿನ್ ಮಾಡಿದರೆ ಅವು ಒಟ್ಟಿಗೆ ಎಂದೂ ಬರುವುದಿಲ್ಲ ಅನ್ನುವುದೇ ಅದರ ದೊಡ್ಡ ಉಪಯೋಗ. ಯಾವೆರಡು ಸಾಲು ಅಕ್ಕಪಕ್ಕ ಕೂರಬಾರದೋ ಅವನ್ನು ಒಂದೇ ಜಾಗಕ್ಕೆ ಹಾಕಿಬಿಡಿ.

ಮೊದಲ ಜಾಗಕ್ಕೆ ಜನ ಹುಡುಕುವ ಮಾತನ್ನೇ ಇಟ್ಟೆ: ‘ಮಂಡ್ಯದ ಬೆಲ್ಲ’, ‘ಆಲೆಮನೆ ಬೆಲ್ಲ ಆನ್‌ಲೈನ್’, ‘ರಾಸಾಯನಿಕ ಇಲ್ಲದ ಬೆಲ್ಲ’. ‘ಸಾವಯವ ಬೆಲ್ಲ’ ಅಂತಲೂ ಹುಡುಕುತ್ತಾರೆ. ಆದರೆ ಮಾಲೀಕರ ಬಳಿ ಎನ್‌ಪಿಒಪಿ ಆಗಲಿ ಪಿಜಿಎಸ್ ಆಗಲಿ, ಯಾವ ಸಾವಯವ ಪ್ರಮಾಣಪತ್ರವೂ ಇರಲಿಲ್ಲ, ಹಾಗಾಗಿ ಅದನ್ನು ಮುಟ್ಟಲಿಲ್ಲ. ಮೊದಲ ಜಾಗದಲ್ಲಿ ಬೆಲ್ಲ ಇದ್ದೇ ಇರುತ್ತದೆ ಅಂತ ಖಾತ್ರಿಯಾದ ಮೇಲೆ ಉಳಿದ ಯಾವ ಸಾಲಿನಲ್ಲೂ ಆ ಪದ ಬೇಕಾಗಲಿಲ್ಲ. ‘ಅಚ್ಚು ಬೆಲ್ಲ, ಪುಡಿ ಬೆಲ್ಲ’ ಅಂತ 23 ಅಕ್ಷರ ಹಿಡಿಯುತ್ತಿದ್ದುದು ‘ಅಚ್ಚು, ಪುಡಿ, ಜೋನಿ ಮೂರೂ ಇವೆ’ ಅಂತ ಆಯಿತು. 26 ಅಕ್ಷರ, ಆದರೆ ಜೋನಿಯೂ ಸೇರಿಕೊಂಡಿತು.

ಎರಡನೆಯ ಜಾಗಕ್ಕೆ ಆಫರ್ ಮತ್ತು ‘ಹೀಗೆ ಮಾಡಿ’ ಅನ್ನುವ ಸಾಲುಗಳು. ‘3 ಕೆಜಿ ಕೊಂಡರೆ ಡೆಲಿವರಿ ಉಚಿತ’ 26 ಅಕ್ಷರ. ‘ಅರ್ಧ ಕೆಜಿ ತರಿಸಿ ರುಚಿ ನೋಡಿ’ 25. ಇವೆರಡೂ ಬೇರೆ ಬೇರೆಯಾಗಿ ಚೆಂದ, ಆದರೆ ಒಟ್ಟಿಗೆ ಬಂದರೆ ಒಂದು ಮೂರು ಕೆಜಿ ತಗೊಳ್ಳಿ ಅನ್ನುತ್ತದೆ, ಇನ್ನೊಂದು ಅರ್ಧ ಸಾಕು ಅನ್ನುತ್ತದೆ. ‘ಇಂದೇ ಆರ್ಡರ್ ಮಾಡಿ’, ‘ವಾಟ್ಸಾಪ್‌ನಲ್ಲಿ ಆರ್ಡರ್ ಮಾಡಿ’ ಕೂಡ ಹಾಗೇ ಡಿಕ್ಕಿ ಹೊಡೆಯುತ್ತವೆ. ನಾಲ್ಕನ್ನೂ ಎರಡನೆಯ ಜಾಗಕ್ಕೇ ಪಿನ್ ಮಾಡಿದೆ. ಮೂರನೆಯ ಹೆಡ್‌ಲೈನ್ ಎಷ್ಟೋ ಸಲ ಕಾಣುವುದೇ ಇಲ್ಲ, ಆದ್ದರಿಂದ ಆಫರನ್ನು ಅಲ್ಲಿಗೆ ತಳ್ಳುವ ಧೈರ್ಯ ನನಗಿಲ್ಲ.

ಮೂರನೆಯದಕ್ಕೆ ಏನನ್ನೂ ಪಿನ್ ಮಾಡಲಿಲ್ಲ. ಮೊದಲೆರಡು ಜಾಗ ಪಿನ್‌ನಿಂದ ಭರ್ತಿಯಾಗಿದ್ದರೆ ಉಳಿದವು ತಾವಾಗಿ ಮೂರನೆಯದಕ್ಕೇ ಬರುತ್ತವೆ. ಅಲ್ಲಿಗೆ ನಂಬಿಕೆ ಕೊಡುವ ಸಾಲುಗಳು. ಮಾಲೀಕರು ಮಾತಿನ ಮಧ್ಯೆ, ‘ಬೆಲ್ಲ ಕಪ್ಪಗಿದೆ ಅಂತ ಜನ ಮೂಗು ಮುರೀತಾರೆ ಮೇಡಂ, ಹೈಡ್ರೋಸ್ ಹಾಕಿದ್ರೆ ನಮ್ದೂ ಹಳದಿ ಬರುತ್ತೆ, ಆದ್ರೆ ನಾವ್ ಹಾಕಲ್ಲ’ ಅಂದರು. ‘ಅಣ್ಣ, ಇದೇ ನಮಗೆ ಬೇಕಾಗಿದ್ದ ಸಾಲು’ ಅಂದೆ. ‘ಬಣ್ಣಕ್ಕೆ ಹೈಡ್ರೋಸ್ ಹಾಕಲ್ಲ’, 24 ಅಕ್ಷರ. ಆ ಹೊತ್ತಿಗೆ ಪಟ್ಟಿಯಲ್ಲಿ ‘ರಾಸಾಯನಿಕ ಬೆರೆಸಿಲ್ಲ’ ಕೂಡ ಇತ್ತು. ಎರಡರಲ್ಲೂ ಒಂದೇ ಒಂದು ಪದ ಸಮ ಇಲ್ಲ, ಆದರೂ ಹೇಳುವುದು ಒಂದೇ. ಇಂಥ ಪುನರಾವರ್ತನೆಯನ್ನು ಶೀಟ್ ಹಿಡಿಯುವುದಿಲ್ಲ, ಓದಿಯೇ ಹಿಡಿಯಬೇಕು. ಬರೀ ಹೇಳಿಕೆಯಾಗಿದ್ದುದನ್ನು ತೆಗೆದು, ವಿವರ ಇದ್ದುದನ್ನು ಉಳಿಸಿಕೊಂಡೆ. ಮೊದಲ ಜಾಗದ ‘ರಾಸಾಯನಿಕ ಇಲ್ಲದ ಬೆಲ್ಲ’ದ ಜೊತೆ ಅದು ಬಂದರೆ ಪರವಾಗಿಲ್ಲ, ಯಾವ ರಾಸಾಯನಿಕ ಅಂತ ಬಿಡಿಸಿ ಹೇಳಿದ ಹಾಗಾಗುತ್ತದೆ.

ಕೊನೆಗೆ ಉಳಿದದ್ದು ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಐದು. ಅಂದರೆ 60 ಜೋಡಣೆ. ಪಿನ್ ಇಲ್ಲದೆ 15 ಹೆಡ್‌ಲೈನ್ ಬಿಟ್ಟಿದ್ದರೆ ಮೂರರ ಜೋಡಣೆಯೇ 2,730 ಆಗುತ್ತಿತ್ತು, ಯಾರು ಓದಿ ನೋಡುತ್ತಾರೆ? ಶೀಟ್‌ನಲ್ಲಿ ಹೀಗೆ ಪೋಣಿಸಿ 60ನ್ನೂ ಗಟ್ಟಿಯಾಗಿ ಓದಿದೆ:

```
=A2&" | "&B2&" | "&C2
```

ಹೀಗೆ ಓದುವಾಗ ಸಿಕ್ಕಿದ್ದು ‘ಆಲೆಮನೆ ಬೆಲ್ಲ ಆನ್‌ಲೈನ್’ ಪಕ್ಕ ‘ಬಣ್ಣ ಕಪ್ಪು, ರುಚಿ ಆಲೆಮನೆಯದು’. ಆಲೆಮನೆ ಎರಡು ಸಲ. ಎರಡನೆಯದನ್ನು ‘ಕಪ್ಪು ಬಣ್ಣ, ಹಳೆಯ ರುಚಿ’ ಮಾಡಿದೆ. ಕೆಳಗೆ ಬರುವ 90 ಅಕ್ಷರದ ವಿವರಣೆಗಳನ್ನೂ ಇವುಗಳ ಕೆಳಗೇ ಇಟ್ಟು ಓದಬೇಕು. ವಿವರಣೆಯೂ ‘ಡೆಲಿವರಿ ಉಚಿತ’ ಅಂತಲೇ ಶುರುವಾದರೆ ಮೇಲೆ ಪಟ್ಟ ಕಷ್ಟವೆಲ್ಲ ದಂಡ.

ಪಿನ್ ಮಾಡಿದರೆ ಆ್ಯಡ್ ಸ್ಟ್ರೆಂತ್, ಅಂದರೆ ಜಾಹೀರಾತು ಎಷ್ಟು ಚೆನ್ನಾಗಿದೆ ಅಂತ ಗೂಗಲ್ ತೋರಿಸುವ ಅಂದಾಜು, ಇಳಿಯುತ್ತದೆ, ಇಲ್ಲೂ ಇಳಿಯಿತು. ಅದು ನಮಗೆ ಸಲಹೆಯಷ್ಟೆ, ಯಾರ ಜಾಹೀರಾತು ಕಾಣಬೇಕು ಅಂತ ತೀರ್ಮಾನಿಸುವ ಹರಾಜಿನಲ್ಲಿ ಅದನ್ನು ನೇರವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಗೂಗಲ್ಲೇ ಹೇಳಿದೆ. ದಿನಕ್ಕೆ ಸಾವಿರಾರು ಜನ ಹುಡುಕುವ ವಸ್ತುವಾಗಿದ್ದರೆ ನಾನು ಇಷ್ಟು ಬಿಗಿ ಮಾಡುತ್ತಿರಲಿಲ್ಲ. ಕನ್ನಡ ಲಿಪಿಯಲ್ಲಿ ಬೆಲ್ಲ ಹುಡುಕುವವರು ಕಡಿಮೆ. ಅಷ್ಟು ಕಡಿಮೆ ನೋಟದಲ್ಲಿ ಗೂಗಲ್ ಸಾವಿರಾರು ಜೋಡಣೆ ಪರೀಕ್ಷಿಸಿ ಏನೂ ಕಲಿಯಲಾರದು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರಿಗೆ ಬೇರೆಯದೇ ಆ್ಯಡ್ ಗ್ರೂಪ್ ಮಾಡಿದ್ದೇನೆ, ಅಲ್ಲಿ ಪಿನ್ ಮೊದಲ ಜಾಗಕ್ಕೆ ಮಾತ್ರ.

ಹಬ್ಬದ ಸಾಲು ಬಂದರೆ ಅದಕ್ಕೂ ಎರಡನೆಯ ಜಾಗವೇ. ಜನವರಿಗೆ ‘ಎಳ್ಳು ಬೆಲ್ಲಕ್ಕೆ ಅಚ್ಚು ಬೆಲ್ಲ’ ಅಂತ ಹಾಕೋಣ ಅಂದರು ಮಾಲೀಕರು. ಮೊದಲ ಜಾಗದ್ದೂ ಸೇರಿ ಬೆಲ್ಲ ಮತ್ತೆ ಮೂರಾಯಿತು. ‘ಸಂಕ್ರಾಂತಿಗೆ ಮುಂಚೆ ಮನೆಗೆ ತಲುಪುತ್ತೆ’ ಅಂದರೆ 33. ‘ಮನೆಗೆ’ ತೆಗೆದು 27ಕ್ಕೆ ಇಳಿಸಿ, ಡೆಲಿವರಿ ಆಫರಿನ ಬದಲಿಗೆ ಅದನ್ನು ಪಿನ್ ಮಾಡಿದೆ. ಕೊರಿಯರ್‌ನವರು ಹಬ್ಬದೊಳಗೆ ತಲುಪಿಸಲು ಕೊನೆಯದಾಗಿ ಪಾರ್ಸೆಲ್ ತೆಗೆದುಕೊಳ್ಳುವ ದಿನ ಯಾವುದು ಅಂತ ಕೇಳಿಟ್ಟುಕೊಂಡು, ಅಂದು ಸಂಜೆ ಆ ಸಾಲು ತೆಗೆದು ಹಳೆಯದನ್ನು ಹಾಕಿದೆ.