ಹೊಲಿಗೆ ಬಿಡಿಸಿ ನೋಡಿದ ಮೇಲೆ ಥರ್ಮಲ್ ಬ್ರೇಕ್ ಕೆಲಸ ಮಾಡಿತು: ನನ್ನ ಅನುಭವ

ಅಲ್ಯೂಮಿನಿಯಂ ಕಿಟಕಿ ಫ್ರೇಮಿನ ಹೊರ ಅರ್ಧಕ್ಕೂ ಒಳ ಅರ್ಧಕ್ಕೂ ನಡುವೆ ಶಾಖ ತಡೆಯಲು ಪ್ಲಾಸ್ಟಿಕ್ ಪಟ್ಟಿ ಇಟ್ಟರೆ ಅದು ಥರ್ಮಲ್ ಬ್ರೇಕ್. ಅದು ಜಾಸ್ತಿ ದುಡ್ಡು ಕೇಳುವ ದಾರಿ ಅಷ್ಟೇ, ಅಲ್ಯೂಮಿನಿಯಂ ಕೊನೆಗೂ ಅಲ್ಯೂಮಿನಿಯಮ್ಮೇ ಅಂತ ಜೊತೆಯವರು ಎಷ್ಟೋ ಸಲ ಹೇಳಿದ್ದರು. ವಾದ ಮಾಡುವುದನ್ನು ಬಿಟ್ಟು, ಒಂದೇ ಗೋಡೆಗೆ ನಾಲ್ಕು ಕಿಟಕಿ ಕೂರಿಸಿದೆ. ಸಾದಾ ಅಲ್ಯೂಮಿನಿಯಂ, ಥರ್ಮಲ್ ಬ್ರೇಕ್ ಇರುವುದು, ಬಿಳಿ ಯುಪಿವಿಸಿ, ಮರ. ಅಳತೆ ಒಂದೇ, ಡಬಲ್ ಗಾಜೂ ಒಂದೇ. ಖರ್ಚು ಪೂರ್ತಿ ನನ್ನದೇ. ಥರ್ಮಲ್ ಬ್ರೇಕ್ ಫ್ರೇಮಿಗೆ ಯುಪಿವಿಸಿಯ ಹತ್ತಿರ ಹತ್ತಿರ ಎರಡರಷ್ಟು ಬಿತ್ತು.

ಮೊದಲ ವಾರ ಪೂರ್ತಿ ಹಾಳಾಯಿತು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಸಾದಾ ಅಲ್ಯೂಮಿನಿಯಂ ಹೆಚ್ಚು ಕಡಿಮೆ ಕೋಣೆಯಷ್ಟೇ ಬೆಚ್ಚಗಿದೆ ಅಂತ ತೋರಿಸುತ್ತಿತ್ತು. ಕೈಯಿಟ್ಟರೆ ತಣ್ಣಗೆ ಕೊರೆಯುತ್ತಿತ್ತು. ಬಣ್ಣವಿಲ್ಲದ ಲೋಹ ಕನ್ನಡಿಯ ಹಾಗೆ. ಅದು ತನ್ನ ಶಾಖಕ್ಕಿಂತ ಎದುರಿನ ಗೋಡೆಯ ಶಾಖವನ್ನೇ ಜಾಸ್ತಿ ಹಿಂದಕ್ಕೆ ಕಳಿಸುತ್ತದೆ. ನಾಲ್ಕೂ ಫ್ರೇಮಿಗೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಆ ಟೇಪಿನ ಮೇಲೆ ಅಳೆದೆ. ಆಮೇಲೆ ಅಂಕಿಗೂ ಕೈಗೂ ತಾಳೆ ಬಂತು.

ಅಳೆಯಲು ಬೆಳಗಿನ ಜಾವವೇ ಸರಿ. ಬಿಸಿಲಿರುವುದಿಲ್ಲ, ಹೊರಗಿನ ಗಾಳಿ ಒಂದೇ ಸಮ ಇರುತ್ತದೆ. ಒಂದು ದಿನ ಹೊರಗೆ 8 ಡಿಗ್ರಿ, ಒಳಗೆ 20. ಸಾದಾ ಅಲ್ಯೂಮಿನಿಯಂನ ಒಳಮೈ 11ರ ಸುಮಾರು. ಯುಪಿವಿಸಿ, ಮರ ಎರಡೂ 17.5ರ ಆಸುಪಾಸು. ಥರ್ಮಲ್ ಬ್ರೇಕ್ ಮಾತ್ರ 14. ಜೊತೆಯವರು ಹೇಳಿದ್ದೇ ನಿಜವಾಯಿತಲ್ಲ ಅಂತ ಬೇಜಾರಾಯಿತು.

ನನ್ನ ಲೆಕ್ಕ ಸರಳ. ಕೋಣೆಗಿಂತ ಫ್ರೇಮ್ ಎಷ್ಟು ತಣ್ಣಗಿದೆ ನೋಡಿ. ಅದನ್ನು ಒಳಗೆ ಹೊರಗಿನ ವ್ಯತ್ಯಾಸದಿಂದ ಭಾಗಿಸಿ, 7.7ರಿಂದ ಗುಣಿಸಿ. ಫ್ರೇಮಿನ ಯು ವ್ಯಾಲ್ಯೂ, ಅಂದರೆ ಶಾಖ ಎಷ್ಟು ಸೋರುತ್ತದೆ ಅನ್ನುವ ಅಳತೆ, ಅಂದಾಜಿಗೆ ಸಿಗುತ್ತದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. 6 ಡಿಗ್ರಿ ಕೆಳಗಿದ್ದ ಥರ್ಮಲ್ ಬ್ರೇಕಿಗೆ 3.9ರ ಹತ್ತಿರ ಬಂತು. 24 ಮಿ.ಮೀ. ಪಾಲಿಅಮೈಡ್ ಪ್ಲಾಸ್ಟಿಕ್ ಪಟ್ಟಿ ಇರುವ ಸೆಕ್ಷನ್‌ನಿಂದ ನಾನು ಎರಡೂವರೆ ನಿರೀಕ್ಷಿಸಿದ್ದೆ.

ಸಂಶಯ ಬಂದು ಕೆಳಭಾಗ ಬಿಚ್ಚಿದೆ. ತಪ್ಪು ಸೆಕ್ಷನ್‌ನದಲ್ಲ, ನನ್ನ ಫಿಟ್ಟಿಂಗ್‌ನದು. ಹೊರಗಿನ ಸಿಲ್ ಶೀಟನ್ನು ಒಂದೇ ತುಂಡಾಗಿ ಫ್ರೇಮಿನ ಅಡಿಯಿಂದ ಒಳಗಿನವರೆಗೆ ಎಳೆದಿದ್ದೆ. ಸಾಲದ್ದಕ್ಕೆ ಉದ್ದ ಸ್ಕ್ರೂಗಳು ಹೊರ ಅರ್ಧವನ್ನೂ ಒಳ ಅರ್ಧವನ್ನೂ ಹೊಲಿದುಬಿಟ್ಟಿದ್ದವು. ನಡುವಿನ ಪ್ಲಾಸ್ಟಿಕ್ ಪಟ್ಟಿಯನ್ನು ದಾಟಿಕೊಂಡು ಲೋಹದಿಂದ ಲೋಹಕ್ಕೆ ಸೇತುವೆ. ಸಿಲ್ ಅನ್ನು ಎರಡು ತುಂಡು ಮಾಡಿ, ನಡುವಿನ ಸಂದಿಗೆ ಗಟ್ಟಿ ಫೋಮ್ ಪಟ್ಟಿ ಇಟ್ಟೆ. ಫಿಕ್ಸಿಂಗ್ ಒಳ ಅರ್ಧದಲ್ಲಿ ಮಾತ್ರ. ಎರಡು ದಿನದ ಕೂಲಿ ಕೈಯಿಂದ ಹೋಯಿತು. ಹೆಚ್ಚು ಕಡಿಮೆ ಅಷ್ಟೇ ಚಳಿಯ ಇನ್ನೊಂದು ಬೆಳಿಗ್ಗೆ ಅಳೆದರೆ 16. ಅಂದರೆ 2.6. ಅವತ್ತು ಸಾದಾ ಅಲ್ಯೂಮಿನಿಯಂ ಬೆವರಿ ನೀರು ಇಳಿಯುತ್ತಿತ್ತು, ಇದು ಒಣಗಿತ್ತು. ಅನುಮಾನ ಪಟ್ಟವರನ್ನು ಕರೆದು ಕೈಯಿಟ್ಟು ನೋಡಿ ಅಂದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸಾದಾ ಅಲ್ಯೂಮಿನಿಯಂನ ಟೊಳ್ಳಿಗೆ ಫೋಮ್ ತುಂಬಿದೆ. ಅರ್ಧ ಡಿಗ್ರಿಯೂ ಬದಲಾಗಲಿಲ್ಲ. ಶಾಖ ಓಡುವುದು ಸುತ್ತಲಿನ ಲೋಹದ ಗೋಡೆಯಲ್ಲಿ, ಒಳಗಿನ ಗಾಳಿಯಲ್ಲಲ್ಲ. ಸುಮ್ನೆ ದುಡ್ಡು ಖರ್ಚು ಮಾಡಬೇಡಿ.

ಬಾಳಿಕೆ ಬೇರೆಯೇ ಕಥೆ. ಈಗ ಆರು ವರ್ಷ. ಬಿಳಿ ಯುಪಿವಿಸಿ ಆರಾಮಾಗಿದೆ. ಆದರೆ ಇನ್ನೊಂದು ಕೆಲಸದಲ್ಲಿ ಪಶ್ಚಿಮಕ್ಕೆ ಗಾಢ ಕಂದು ಲ್ಯಾಮಿನೇಟ್‌ನ ಎರಡು ಮೀಟರ್ ಶಟರ್ ಹಾಕಿ ಕೆಟ್ಟೆ. ಎರಡು ಮೀಟರ್ ಯುಪಿವಿಸಿ 40 ಡಿಗ್ರಿ ಏರಿದರೆ ಐದಾರು ಮಿ.ಮೀ. ಉದ್ದವಾಗಲು ನೋಡುತ್ತದೆ. ಅಲ್ಯೂಮಿನಿಯಂ ಎರಡರೊಳಗೆ. ಹೊರಮೈ ಬಿಸಿಲಿಗೆ ಕಾದು, ಒಳಮೈ ತಣ್ಣಗೇ ಇದ್ದು, ಶಟರ್ ಬಿಲ್ಲಿನ ಹಾಗೆ ಬಾಗಿತು. ಸಂಜೆ ಲಾಕ್ ಕೂರುತ್ತಿರಲಿಲ್ಲ, ಬೆಳಿಗ್ಗೆ ಕೂರುತ್ತಿತ್ತು. ಈ ಗುರುತು ಕಂಡರೆ ಹಿಂಜ್ ತಿರುಗಿಸುತ್ತಾ ಕೂರಬೇಡಿ, ಯುಪಿವಿಸಿಯ ಟೊಳ್ಳಿನೊಳಗೆ ಬಲಕ್ಕೆ ಇಟ್ಟ ಉಕ್ಕು ನೋಡಿ. ನನ್ನದರಲ್ಲಿ ಉಕ್ಕು ತೆಳುವಾಗಿತ್ತು, ಸ್ಕ್ರೂಗಳೂ ದೂರ ದೂರ ಇದ್ದವು. ಆ ಶಟರನ್ನು ಪೂರ್ತಿ ಬದಲಾಯಿಸಿಕೊಟ್ಟೆ. ಆ ಕೆಲಸದ ಲಾಭ ಅಲ್ಲಿಗೆ ಮುಗಿಯಿತು. ಈಗ ಅಂಥ ಅಗಲಕ್ಕೆ, ಅಂಥ ಬಣ್ಣಕ್ಕೆ ನಾನು ಥರ್ಮಲ್ ಬ್ರೇಕನ್ನೇ ಹೇಳುತ್ತೇನೆ, ಶಾಖದಲ್ಲಿ ಅದು ಸ್ವಲ್ಪ ಹಿಂದಿದ್ದರೂ.

ಮರ ನನಗೆ ಇಷ್ಟ. ಕೊಳೆಯುವುದು ಯಾವಾಗಲೂ ಕೆಳಗಿನ ಮೂಲೆಯಿಂದ, ಮರದ ಕೊನೆಯ ಕೊಯ್ತದಿಂದ. ನೀರು ಅಲ್ಲೇ ಹೀರುತ್ತದೆ. ಜೋಡಿಸುವ ಮೊದಲೇ ಆ ಕೊಯ್ತಗಳಿಗೆ ಮೂರು ಸಲ ಸೀಲರ್ ಹಚ್ಚುತ್ತೇನೆ. ಯಾವ ಮಿಶ್ರಣ ಅನ್ನುವುದು ನನ್ನ ಹತ್ತಿರವೇ ಇರಲಿ. ಮೂರನೇ ವರ್ಷ ಒಮ್ಮೆ ಬಣ್ಣ ಬಳಿದಿದ್ದೇನೆ, ಆ ಖರ್ಚು ಮೊದಲೇ ಹೇಳಿಬಿಡಬೇಕು. ತೇವದ ಮೀಟರಿನ ಮುಳ್ಳು ಕೆಳ ಮೂಲೆಗೇ ಚುಚ್ಚಿ. ಸತತವಾಗಿ ಶೇಕಡಾ 20ರ ಮೇಲೆ ತೋರಿಸಿದರೆ ಕೊಳೆ ದೂರವಿಲ್ಲ. ನನ್ನದು ಕಳೆದ ಮಳೆಯ ಮರುವಾರ 14 ಇತ್ತು.