ದೂರದ ನಾಲ್ಕನೇ ಘಾತ: ಕಾರವಾರದ ಕಡಲಿನಲ್ಲಿ ರೇಡಾರ್ ಸಮೀಕರಣವನ್ನು ಅಳೆದು ನೋಡಿದ್ದು

ಮೀನುಗಾರಿಕೆ ಬೋಟುಗಳಿಗೆ ರೇಡಾರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಬೈತಖೋಲ ಬಂದರಿನಲ್ಲಿ ಬೋಟಿನ ಮಾಲೀಕರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಬಹಳ ಹಳೆಯದು: "ಈಗಿರುವುದು 4 ಕಿಲೋವ್ಯಾಟಿನದು. 12 ಕಿಲೋವ್ಯಾಟಿನದು ಹಾಕಿಸಿದರೆ ಮೂರು ಪಟ್ಟು ದೂರದ ದೋಣಿ ಕಾಣುತ್ತದಲ್ಲವೇ?" ಕಾಣುವುದಿಲ್ಲ. ಲೆಕ್ಕದ ಪ್ರಕಾರ ಸಿಗುವುದು 1.32 ಪಟ್ಟು ಮಾತ್ರ. ಈ ಉತ್ತರವನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಪರಿಚಯದ ಒಬ್ಬ ಪರ್ಸೀನ್ ಬೋಟಿನ ಮಾಲೀಕರ ಸಹಾಯ ಪಡೆದು, ಅವರ ಬೋಟಿನ ರೇಡಾರನ್ನೇ ಬಳಸಿ, ಕಡಲಿನಲ್ಲಿ ಅಳತೆ ಮಾಡಿ ನೋಡಿದೆ.

ಮೊದಲು ಸಮೀಕರಣ ಹೀಗಿದೆ:

```
Pr = Pt · G² · λ² · σ / ((4π)³ · R⁴)
```

Pr ಎಂದರೆ ಆಂಟೆನಾಕ್ಕೆ ಮರಳಿ ಬರುವ ಶಕ್ತಿ, Pt ರೇಡಾರ್ ಕಳುಹಿಸುವ ಪಲ್ಸಿನ ಶಕ್ತಿ, G ಆಂಟೆನಾದ ಗೇನ್, ಅಂದರೆ ಅದು ಶಕ್ತಿಯನ್ನು ಒಂದೇ ದಿಕ್ಕಿಗೆ ಎಷ್ಟು ಪಟ್ಟು ಒಟ್ಟುಗೂಡಿಸುತ್ತದೆ ಎಂಬುದು, λ ತರಂಗಾಂತರ, R ದೂರ. σ ಎಂಬುದು ಎದುರಿನ ವಸ್ತು ರೇಡಾರಿನ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಅಳತೆ. ಚದರ ಮೀಟರಿನಲ್ಲಿ ಹೇಳುತ್ತಾರೆ. ಆದರೆ ಅದು ವಸ್ತುವಿನ ನಿಜವಾದ ಮೈಯಳತೆಯಲ್ಲ. ಒಂದು ಫೈಬರ್ ದೋಣಿ ಎಷ್ಟೇ ಉದ್ದವಿದ್ದರೂ ಅದರ σ ಒಂದೆರಡು ಚದರ ಮೀಟರ್ ದಾಟದಿರಬಹುದು. ಮೂರು ತಗಡುಗಳನ್ನು ಲಂಬಕೋನದಲ್ಲಿ ಕೂಡಿಸಿದ ಮೂಲೆ ಪ್ರತಿಫಲಕ ಗೇಣಗಲವಿದ್ದರೂ ಅಷ್ಟೇ ಹೊಳೆಯುತ್ತದೆ.

ಆ ಬೋಟಿನ ರೇಡಾರ್ 9410 ಮೆಗಾಹರ್ಟ್ಸಿನದು. ತರಂಗಾಂತರ ಸುಮಾರು 3.2 ಸೆಂಟಿಮೀಟರ್. ಪಲ್ಸಿನ ಶಕ್ತಿ 4 ಕಿಲೋವ್ಯಾಟ್. ತಿರುಗುವ ಆಂಟೆನಾ ನಾಲ್ಕು ಅಡಿಯದು, ಗೇನ್ ಸುಮಾರು 28 ಡೆಸಿಬೆಲ್, ಅಂದರೆ 630 ಪಟ್ಟು. ಐದು ಕಿಲೋಮೀಟರ್ ಆಚೆ σ 2 ಚದರ ಮೀಟರ್ ಇರುವ ವಸ್ತುವಿದೆ ಎಂದುಕೊಳ್ಳೋಣ. ಆಂಟೆನಾ ಶಕ್ತಿಯನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವುದರಿಂದ ಆ ದಿಕ್ಕಿನಲ್ಲಿ 4 ಕಿಲೋವ್ಯಾಟ್ ಎಂಬುದು 25 ಲಕ್ಷ ವ್ಯಾಟಿನಷ್ಟು ಕೆಲಸ ಮಾಡುತ್ತದೆ. ಆದರೆ ಐದು ಕಿಲೋಮೀಟರ್ ತ್ರಿಜ್ಯದ ಗೋಳದ ಮೇಲ್ಮೈ 31 ಕೋಟಿ ಚದರ ಮೀಟರ್. ಭಾಗಿಸಿದರೆ ಅಲ್ಲಿಗೆ ತಲುಪುವುದು ಚದರ ಮೀಟರಿಗೆ 8 ಮಿಲಿವ್ಯಾಟ್. ವಸ್ತು ಅದರಲ್ಲಿ 16 ಮಿಲಿವ್ಯಾಟಿನಷ್ಟನ್ನು ಹಿಂದಿರುಗಿಸುತ್ತದೆ. ಈ 16 ಮಿಲಿವ್ಯಾಟ್ ಮತ್ತೆ ಅದೇ 31 ಕೋಟಿ ಚದರ ಮೀಟರಿಗೆ ಹರಡಬೇಕು. ನಮ್ಮ ಆಂಟೆನಾ ಹಿಡಿಯುವ ಪರಿಣಾಮಕಾರಿ ವಿಸ್ತೀರ್ಣ 0.05 ಚದರ ಮೀಟರ್. ಕೊನೆಗೆ ಕೈಗೆ ಬರುವುದು 2.6 ಪಿಕೋವ್ಯಾಟ್, ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಎರಡೂವರೆ ಪಾಲು.

ನಾಲ್ಕನೇ ಘಾತ ಬಂದದ್ದು ಹೀಗೆ. ಹೋಗುವಾಗ ಒಮ್ಮೆ ದೂರದ ವರ್ಗದಿಂದ ಭಾಗಿಸಬೇಕು, ಬರುವಾಗ ಇನ್ನೊಮ್ಮೆ. ಗೇನ್ ಎರಡು ಸಲ ಬರುವುದೂ ಇದೇ ಕಾರಣಕ್ಕೆ: ಕಳುಹಿಸುವಾಗ ಒಟ್ಟುಗೂಡಿಸುವುದೂ ಅದೇ ಆಂಟೆನಾ, ಮರಳಿದ್ದನ್ನು ಹಿಡಿಯುವುದೂ ಅದೇ. ಪಲ್ಸಿನ ಶಕ್ತಿ ಮತ್ತು σ ಮಾತ್ರ ಒಂದೊಂದೇ ಸಲ ಬರುತ್ತವೆ.

ಇನ್ನು ರಿಸೀವರಿನ ಸ್ವಂತ ಗದ್ದಲ. ಬ್ಯಾಂಡ್‌ವಿಡ್ತ್ 5 ಮೆಗಾಹರ್ಟ್ಸ್ ಇದ್ದರೆ ಅದು ಸುಮಾರು 0.06 ಪಿಕೋವ್ಯಾಟ್. ಕೇಬಲ್, ಜೋಡಣೆ, ಆಂಟೆನಾದ ಮುಚ್ಚಳ ಎಂದು ಅರ್ಧ ಸಂಕೇತ ನಷ್ಟವಾಯಿತು ಎಂದು ಬಿಟ್ಟರೂ ಐದು ಕಿಲೋಮೀಟರಿನಲ್ಲಿ ಸಂಕೇತ ಗದ್ದಲದ ಇಪ್ಪತ್ತು ಪಟ್ಟು ಇರುತ್ತದೆ. ಪರದೆಯ ಮೇಲೆ ಚುಕ್ಕಿ ನಂಬಿಕೆಯಿಂದ ಮೂಡಲು ಹೆಚ್ಚುಕಡಿಮೆ ಅಷ್ಟು ಬೇಕು. ಹತ್ತು ಕಿಲೋಮೀಟರಿಗೆ ಹೋದರೆ ಸಂಕೇತ ಹದಿನಾರನೇ ಒಂದು ಪಾಲಾಗಿ ಗದ್ದಲದಲ್ಲೇ ಕರಗುತ್ತದೆ.

ಇದನ್ನು ಕಡಲಿನಲ್ಲಿ ಪರೀಕ್ಷಿಸಲು ನನಗೆ ಮೂಲೆ ಪ್ರತಿಫಲಕಕ್ಕಿಂತ ಒಳ್ಳೆಯ ಸಾಧನ ಸಿಗಲಿಲ್ಲ. ತ್ರಿಕೋನ ಫಲಕಗಳ ಮೂಲೆಗೆ σ ಲೆಕ್ಕ ಹಾಕುವ ಸೂತ್ರ ಇದು. a ಎಂಬುದು ಫಲಕಗಳು ಕೂಡುವ ಒಳ ಅಂಚಿನ ಉದ್ದ:

```
σ = 4π·a⁴ / (3·λ²)
```

ಇಲ್ಲಿಯೂ ನಾಲ್ಕನೇ ಘಾತವಿದೆ, ಅದೇ ಇದರ ಸೊಗಸು. 15 ಸೆಂಟಿಮೀಟರ್ ಅಂಚಿನದಕ್ಕೆ σ ಸುಮಾರು 2 ಚದರ ಮೀಟರ್; 30 ಸೆಂಟಿಮೀಟರಿನದಕ್ಕೆ 33. ಅಂಚು ಎರಡು ಪಟ್ಟಾದರೆ σ ಹದಿನಾರು ಪಟ್ಟು, ಆದ್ದರಿಂದ ಕಾಣುವ ದೂರ ಸರಿಯಾಗಿ ಎರಡು ಪಟ್ಟಾಗಬೇಕು. ಎರಡನ್ನೂ ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿಸಿದೆ. ಮೂಲೆಗಳು 90 ಡಿಗ್ರಿಗೆ ಬಿಗಿಯಾಗಿ ನಿಲ್ಲಬೇಕು. ಒಂದೆರಡು ಡಿಗ್ರಿ ಆಚೀಚೆಯಾದರೂ ಮರಳುವ ಕಿರಣ ಒಡೆದು ಹಂಚಿಹೋಗುತ್ತದೆ. ಫಲಕ ದೊಡ್ಡದಾದಷ್ಟೂ ಈ ಕಟ್ಟುನಿಟ್ಟು ಹೆಚ್ಚು. ಆದ್ದರಿಂದ ದೊಡ್ಡದನ್ನು ಮಡಚುವ ಬಗೆಯದಾಗಿ ಮಾಡದೆ ವೆಲ್ಡ್ ಮಾಡಿಸಿದೆ.

ಚಳಿಗಾಲದ ಬೆಳಿಗ್ಗೆಗಳನ್ನು ಆರಿಸಿಕೊಂಡೆವು, ಏಕೆಂದರೆ ಗಾಳಿ ಏಳುವ ಮೊದಲು ನೀರು ಸಮವಾಗಿರುತ್ತದೆ. ಬೋಟು ಲಂಗರು ಹಾಕಿ ನಿಂತಿತು. ಆಂಟೆನಾ ನೀರಿನಿಂದ ಆರು ಮೀಟರ್ ಎತ್ತರದಲ್ಲಿತ್ತು. ಪಾತಿ ದೋಣಿಯೊಂದರಲ್ಲಿ ಬಿದಿರಿನ ಗಳುವಿಗೆ ಪ್ರತಿಫಲಕ ಕಟ್ಟಿ ಪಡುವಣಕ್ಕೆ ಕಳುಹಿಸಿದೆವು. ಕೂರ್ಮಗಡ ಮತ್ತು ದೇವಗಡ ದ್ವೀಪಗಳ ಬಂಡೆಗಳು ಪರದೆಯನ್ನು ತುಂಬಿಬಿಡುತ್ತವೆ. ಅವು ಅಡ್ಡಬಾರದ ದಿಕ್ಕನ್ನೇ ಹಿಡಿಯಬೇಕಾಯಿತು. ದೋಣಿಯಲ್ಲಿದ್ದವರು ಜಿಪಿಎಸ್ ನೋಡಿ ಮೊಬೈಲಿನಲ್ಲಿ ಸ್ಥಾನ ತಿಳಿಸುತ್ತಿದ್ದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರೇಡಾರಿನ SEA ಗುಂಡಿ ಹತ್ತಿರದ ದೂರಗಳಲ್ಲಿ ರಿಸೀವರಿನ ಸೂಕ್ಷ್ಮತೆಯನ್ನು ತಗ್ಗಿಸುತ್ತದೆ. ಹತ್ತಿರದ ಅಲೆಗಳ ಪ್ರತಿಫಲನ ಪರದೆಯನ್ನು ಬೆಳಗದಿರಲಿ ಎಂದೇ ಅದನ್ನು ಇಟ್ಟಿದ್ದಾರೆ. ಅದು ಚಾಲೂ ಇದ್ದರೆ ನಾವು ಅಳೆಯುವುದು ಪ್ರಕೃತಿಯ ನಿಯಮವನ್ನಲ್ಲ, ತಯಾರಕರ ತಿದ್ದುಪಡಿಯನ್ನು. SEA ಮತ್ತು RAIN ಎರಡನ್ನೂ ಸೊನ್ನೆಗೆ ತಂದೆ. GAIN ಅನ್ನು ಸ್ವಯಂಚಾಲಿತದಿಂದ ತೆಗೆದು, ಗದ್ದಲದ ಕಾಳುಗಳು ಆಗಷ್ಟೇ ಮಿನುಗುವ ಮಟ್ಟದಲ್ಲಿಟ್ಟು ಮತ್ತೆ ಮುಟ್ಟಲಿಲ್ಲ. ಈ ಗುಂಡಿಯ ಗೇನ್ ಬರಿಯ ವರ್ಧನೆ. ಸಂಕೇತದ ಜೊತೆಗೆ ಗದ್ದಲವನ್ನೂ ಹಿಗ್ಗಿಸುತ್ತದೆ. ಸಮೀಕರಣದ G ಗೂ ಅದಕ್ಕೂ ಸಂಬಂಧವಿಲ್ಲ. ಆಂಟೆನಾ ಸುತ್ತಿದ ಸುತ್ತುಗಳಲ್ಲಿ ಅರ್ಧದಷ್ಟರಲ್ಲಿ ಮಾತ್ರ ಚುಕ್ಕಿ ಮೂಡುವ ದೂರವನ್ನು "ಕಳೆದುಹೋದ ದೂರ" ಎಂದು ಬರೆದುಕೊಂಡೆ.

ಪ್ರತಿಫಲಕವಿಲ್ಲದ ಬರಿಯ ದೋಣಿ ಎರಡು ಕಿಲೋಮೀಟರಿನ ಆಸುಪಾಸಿನಲ್ಲೇ ಮಾಯವಾಯಿತು. ಚಿಕ್ಕ ಪ್ರತಿಫಲಕವನ್ನು ನೀರಿನಿಂದ ಎರಡು ಮೀಟರ್ ಎತ್ತರದಲ್ಲಿ ಕಟ್ಟಿದಾಗ 4.6 ಕಿಲೋಮೀಟರ್ ತನಕ ಕಂಡಿತು. ಕಾಗದದ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಅದೇ ಎತ್ತರಕ್ಕೆ ದೊಡ್ಡದನ್ನು ಕಟ್ಟಿದೆವು. 9.2 ಕಿಲೋಮೀಟರ್ ಬರಬೇಕಿತ್ತು, 6.6 ಕ್ಕೇ ಹೋಗಿಬಿಟ್ಟಿತು.

ದಿಗಂತ ಅಡ್ಡಬಂದಿರಬಹುದೇ? ಆರು ಮೀಟರ್ ಮತ್ತು ಎರಡು ಮೀಟರ್ ಎತ್ತರಗಳಿಗೆ ರೇಡಾರಿನ ದಿಗಂತ ಸುಮಾರು 16 ಕಿಲೋಮೀಟರ್ ಆಚೆಗಿದೆ, ಹಾಗಾಗಿ ಅದಲ್ಲ. ಕಾರಣ ಇರುವುದು ನೀರಿನ ಮೇಲ್ಮೈಯಲ್ಲಿ. ಪ್ರತಿಫಲಕಕ್ಕೆ ನೇರವಾಗಿ ಹೋಗುವ ಕಿರಣದ ಜೊತೆಗೆ ನೀರಿಗೆ ತಾಗಿ ಹೋಗುವ ಇನ್ನೊಂದು ಕಿರಣವೂ ಇದೆ. ನೀರಿಗೆ ತಾಗುವಾಗ ಅದರ ತರಂಗದ ಏರಿಳಿತ ತಲೆಕೆಳಗಾಗುತ್ತದೆ. ದೂರ ಹೆಚ್ಚಿದಂತೆ ಎರಡು ದಾರಿಗಳ ಉದ್ದದ ವ್ಯತ್ಯಾಸ ಕಡಿಮೆಯಾಗಿ, ಅವು ಒಂದನ್ನೊಂದು ಅಳಿಸಲು ಶುರುಮಾಡುತ್ತವೆ. ಅಲ್ಲಿಂದಾಚೆ ಸಂಕೇತ ಬೀಳುವುದು ದೂರದ ನಾಲ್ಕನೇ ಘಾತದಲ್ಲಲ್ಲ, ಎಂಟನೇ ಘಾತದತ್ತ. ನಮ್ಮ ಎತ್ತರಗಳಿಗೆ ಈ ಗಡಿ ಸುಮಾರು 4.5 ಕಿಲೋಮೀಟರ್. ಚಿಕ್ಕ ಪ್ರತಿಫಲಕ ಗಡಿಯಲ್ಲೇ ನಿಂತಿತ್ತು, ದೊಡ್ಡದು ಗಡಿ ದಾಟಿತ್ತು. ಎಂಟನೇ ಘಾತದಲ್ಲಿ ಹದಿನಾರು ಪಟ್ಟು σ ಗೆ ಸಿಗುವ ದೂರ 1.41 ಪಟ್ಟು ಮಾತ್ರ, 4.6 ಅನ್ನು ಗುಣಿಸಿದರೆ 6.5.

ಈ ಗಡಿ ಎರಡು ಎತ್ತರಗಳ ಗುಣಲಬ್ಧಕ್ಕೆ ಅನುಗುಣವಾಗಿ ದೂರ ಸರಿಯುತ್ತದೆ. ಹಾಗಾದರೆ ಗಳುವನ್ನು ಎತ್ತರಿಸಿದರೆ ಸಾಕು. ದೊಡ್ಡ ಪ್ರತಿಫಲಕವನ್ನು ನಾಲ್ಕು ಮೀಟರಿಗೆ ಏರಿಸಿದೆವು. ದೋಣಿ ಓಲಾಡುತ್ತಿತ್ತು, ಗಳು ಹಿಡಿದವರಿಗೆ ಕಷ್ಟವಾಯಿತು, ಆದರೆ ಚುಕ್ಕಿ ಒಂಬತ್ತು ಕಿಲೋಮೀಟರ್ ದಾಟುವವರೆಗೂ ಉಳಿಯಿತು. ಅದಕ್ಕೊಂದು ಬೆಲೆಯೂ ಇತ್ತು: ಸುಮಾರು ಒಂದೂವರೆ ಕಿಲೋಮೀಟರಿನಲ್ಲಿ, ಬರಿಗಣ್ಣಿಗೆ ದೋಣಿ ಚೆನ್ನಾಗಿ ಕಾಣುತ್ತಿದ್ದಾಗಲೇ, ಪರದೆಯಲ್ಲಿ ಅದು ಸ್ವಲ್ಪ ಹೊತ್ತು ಮಂಕಾಗಿ ಇಲ್ಲವಾಯಿತು. ಆ ದೂರದಲ್ಲಿ ಎರಡು ಕಿರಣಗಳು ಪೂರ್ತಿ ವಿರುದ್ಧವಾಗಿ ಕೂಡುತ್ತವೆ. ಮಧ್ಯಾಹ್ನದ ಗಾಳಿಗೆ ಅಲೆಯೆದ್ದ ಮೇಲೆ ಆ ಕುಳಿ ತುಂಬಿಕೊಂಡಿತು. ಶಾಂತ ಕಡಲಿನಲ್ಲಿ ಹತ್ತಿರದ ದೋಣಿಯೊಂದು ಹೀಗೆ ಮರೆಯಾಗಿ ಮತ್ತೆ ಕಾಣಿಸಿದರೆ ಯಂತ್ರವನ್ನು ಬಿಚ್ಚುವ ಮೊದಲು ದೂರವನ್ನು ನೋಡಬೇಕು. ಪ್ರತಿ ಸಲ ಅದೇ ದೂರದಲ್ಲಿ ಹೋಗುತ್ತಿದ್ದರೆ ಅದು ನೀರಿನ ಕೆಲಸ. ದೂರ ಯಾವುದೇ ಇರಲಿ ಎಲ್ಲವೂ ಮಂಕಾಗಿದ್ದರೆ ಪಲ್ಸನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಸೋತಿರಬಹುದು.

ಇಷ್ಟಾದ ಮೇಲೆ ಮಾಲೀಕರ ಪ್ರಶ್ನೆಗೆ ಬರುತ್ತೇನೆ. 4 ರಿಂದ 12 ಕಿಲೋವ್ಯಾಟಿಗೆ ಹೋದರೆ 3 ರ ನಾಲ್ಕನೇ ಮೂಲ, 1.32 ಪಟ್ಟು. ಗಡಿಯಾಚೆಯ ತಗ್ಗಿನ ದೋಣಿಗಳಿಗೆ ಅದೂ ಇಲ್ಲ, 1.15 ರ ಹತ್ತಿರ. ಎರಡಡಿ ಗುಮ್ಮಟದ ಆಂಟೆನಾ ಇರುವವರು ಅದೇ 4 ಕಿಲೋವ್ಯಾಟಿಗೆ ನಾಲ್ಕಡಿಯದನ್ನು ಹಾಕಿಸಿದರೆ ಗೇನ್ ಎರಡು ಪಟ್ಟು, ಮರಳುವ ಶಕ್ತಿ ನಾಲ್ಕು ಪಟ್ಟು. 16 ಕಿಲೋವ್ಯಾಟಿನ ಯಂತ್ರ ಕೊಂಡಷ್ಟೇ ಲಾಭ. ಕಿರಣದ ಅಗಲ ನಾಲ್ಕು ಡಿಗ್ರಿಯಿಂದ ಎರಡಕ್ಕೆ ಇಳಿಯುವುದರಿಂದ ಪಕ್ಕಪಕ್ಕದ ಎರಡು ದೋಣಿಗಳು ಬೇರೆಯಾಗಿ ಕಾಣುತ್ತವೆ, ಅಲೆಗಳ ಗೊಂದಲವೂ ತಗ್ಗುತ್ತದೆ. ಇದನ್ನು ಹೆಚ್ಚಿನ ಪವರ್ ಕೊಡಲಾರದು. ಆದರೆ ನಾಲ್ಕಡಿಯ ತೋಳು ಗಾಳಿಗೆ ಒಡ್ಡಿಕೊಂಡು ಸುತ್ತುತ್ತದೆ. ಕ್ಯಾಬಿನ್ ಮೇಲಿನ ಕಂಬ ತೆಳುವಾಗಿದ್ದರೆ ಮೊದಲು ಅದನ್ನು ಬಲಪಡಿಸಬೇಕು. ಅದೇ ಕೆಲಸದಲ್ಲಿ ಕಂಬವನ್ನು ಒಂದು ಮೀಟರ್ ಎತ್ತರಿಸಿಕೊಳ್ಳುವಂತೆ ಹೇಳುತ್ತೇನೆ.

ಪಾತಿ ದೋಣಿಯವರಿಗೆ ನಾನು ಕೊಡುವ ಸಲಹೆ ಬೇರೆ. ರಾತ್ರಿ ಬಲೆ ಬಿಟ್ಟು ಕಾಯುವ ದೋಣಿಯಲ್ಲಿ 15 ಸೆಂಟಿಮೀಟರಿನ ಮೂಲೆ ಪ್ರತಿಫಲಕಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ, ಎಲ್ಲ ದಿಕ್ಕಿಗೂ ಮುಖವಿರುವಂತೆ, ಸಾಧ್ಯವಾದಷ್ಟು ಎತ್ತರದ ಗಳುವಿಗೆ ಕಟ್ಟಿ. ಎರಡು ಮೀಟರ್ ಎತ್ತರದಲ್ಲಿ ಕಟ್ಟಿದರೂ, ನಮ್ಮ ಅಳತೆಯ ಪ್ರಕಾರ, ಎದುರಿನ ದೊಡ್ಡ ಬೋಟಿನ ತಾಂಡೇಲನ ಪರದೆಯಲ್ಲಿ ಎರಡು ಕಿಲೋಮೀಟರಿಗೆ ಬದಲು ನಾಲ್ಕೂವರೆ ಕಿಲೋಮೀಟರಿನಲ್ಲೇ ಚುಕ್ಕಿ ಮೂಡುತ್ತದೆ. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಬರುವ ಬೋಟಿಗೆ ಅದು ಎಂಟು ನಿಮಿಷದ ಎಚ್ಚರಿಕೆಯ ಜಾಗದಲ್ಲಿ ಹದಿನೆಂಟು ನಿಮಿಷ.